ಸೀರೆಯ ಅಂಚು ಸೊಂಟದ ಹತ್ತಿರ ಒಂದು, ಭುಜದ ಮೇಲೆ ಇನ್ನೊಂದು: ಎಐ ಚಿತ್ರದಲ್ಲಿ ಇದನ್ನು ಸರಿಮಾಡುವುದು ಹೇಗೆ?

ಹಾಸನದಲ್ಲಿ ಕೂತು ಸೀರೆ ಅಂಗಡಿಗಳಿಗೆ ಕ್ಯಾಟಲಾಗ್, ಮದುವೆ ಕರೆಯೋಲೆ, ಫ್ಲೆಕ್ಸ್ ಡಿಸೈನ್ ಮಾಡಿಕೊಡುವುದು ನನ್ನ ಕೆಲಸ. ಈಚೆಗೆ ಹಾಸನ, ಚಿಕ್ಕಮಗಳೂರು ಎರಡೂ ಕಡೆಯಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. "ಎಐನಲ್ಲಿ ರೇಷ್ಮೆ ಸೀರೆ ಉಟ್ಟ ಹೆಣ್ಣುಮಗಳ ಚಿತ್ರ ಮಾಡಿದೆ. ಮುಖ ಚೆನ್ನಾಗಿದೆ, ಬೆಳಕು ಚೆನ್ನಾಗಿದೆ. ಆದರೆ ಅಂಚು ನಿರಿಗೆಯಲ್ಲಿ ಒಂದು ಥರ, ಸೆರಗಿನಲ್ಲಿ ಇನ್ನೊಂದು ಥರ ಬಂದಿದೆ. ಏನು ಬರೆದರೆ ಸರಿಯಾಗುತ್ತದೆ?"

ಮೊದಲೇ ಹೇಳಿಬಿಡುತ್ತೇನೆ. ಏನು ಬರೆದರೂ ಅದು ಪೂರ್ತಿ ಸರಿಯಾಗುವುದಿಲ್ಲ. ಅಂಚನ್ನು ಎಐ ಕೈಯಲ್ಲಿ ಬರೆಸಲೇಬಾರದು. ಎಐನಿಂದ ಖಾಲಿ ಅಂಚಿರುವ ಸೀರೆ ಮಾಡಿಸಿಕೊಂಡು, ನಿಜವಾದ ಅಂಚನ್ನು ನಾವೇ ಮೇಲೆ ಕೂರಿಸಬೇಕು. ಮೊದಲ ಸಲ ಒಂದು ಚಿತ್ರಕ್ಕೆ ಅರ್ಧ ದಿನ ಬೇಕು. ಕೈ ಪಳಗಿದ ಮೇಲೆ ಎರಡು ಗಂಟೆ ಸಾಕು.

ಯಾಕೆ ಹೀಗಾಗುತ್ತದೆ?

ಇದು ಗೊತ್ತಿಲ್ಲದಿದ್ದರೆ ಪ್ರಾಂಪ್ಟ್ ಬದಲಾಯಿಸುತ್ತಾ ಸುಮ್ನೆ ದಿನ ಕಳೆದುಹೋಗುತ್ತದೆ. ಪ್ರಾಂಪ್ಟ್ ಅಂದರೆ ನಾವು ಬರೆದುಕೊಡುವ ವಿವರಣೆ.

ಸ್ಟೇಬಲ್ ಡಿಫ್ಯೂಷನ್ ಥರದ ಮಾಡೆಲ್‌ಗಳು, ಅಂದರೆ ಚಿತ್ರ ತಯಾರಿಸುವ ಎಐಗಳು, ಚಿತ್ರವನ್ನು ನೇರವಾಗಿ ಬಿಡಿಸುವುದಿಲ್ಲ. ಮೊದಲು ಒಂದು ಪುಟ್ಟ ನಕ್ಷೆ ಮಾಡಿ, ಆಮೇಲೆ ಅದನ್ನು ಹಿಗ್ಗಿಸುತ್ತವೆ. ನಕ್ಷೆಯ ಒಂದು ಮನೆಯಿಂದ ಚಿತ್ರದಲ್ಲಿ ಉದ್ದಕ್ಕೆ 8, ಅಗಲಕ್ಕೆ 8 ಪಿಕ್ಸೆಲ್ ಹುಟ್ಟುತ್ತವೆ. ಪಿಕ್ಸೆಲ್ ಅಂದರೆ ಚಿತ್ರದ ಒಂದು ಚುಕ್ಕಿ, ನಿಮಗೆ ಗೊತ್ತೇ ಇದೆ. 1024 ಪಿಕ್ಸೆಲ್ ಎತ್ತರದ ಚಿತ್ರದಲ್ಲಿ 5 ಅಡಿ 4 ಇಂಚಿನ ಹೆಣ್ಣುಮಗಳು ಅಡಿಯಿಂದ ಮುಡಿಯವರೆಗೆ ನಿಂತಿದ್ದಾಳೆ ಅಂದುಕೊಳ್ಳಿ. ಮೇಲೆ ಕೆಳಗೆ ಸ್ವಲ್ಪ ಜಾಗ ಬಿಟ್ಟರೆ ಒಂದು ಇಂಚು ಬಟ್ಟೆಗೆ ಸಿಗುವುದು ಸುಮಾರು 15 ಪಿಕ್ಸೆಲ್. ಅಂಚಿನಲ್ಲಿರುವ ಒಂದು ಇಂಚಿನ ಹಂಸಕ್ಕೆ ಸಿಗುವುದು ಆ ನಕ್ಷೆಯಲ್ಲಿ ಉದ್ದಕ್ಕೆ ಎರಡು, ಅಗಲಕ್ಕೆ ಎರಡು ಮನೆ. ನಾಲ್ಕೇ ಚುಕ್ಕಿ ಇಟ್ಟು ಹಂಸದ ರಂಗೋಲಿ ಹಾಕು ಅಂದರೆ ಯಾರಿಗೆ ತಾನೆ ಆಗುತ್ತದೆ? ಎಐ ಅಲ್ಲಿ ಜರಿಯ ಹಾಗೆ ಕಾಣುವ ಏನನ್ನೋ ತುಂಬಿಬಿಡುತ್ತದೆ. ದೂರದಿಂದ ಸರಿ ಕಾಣುತ್ತದೆ. ಹತ್ತಿರ ಹೋದರೆ ಅಲ್ಲಿ ಹಂಸವೂ ಇಲ್ಲ, ಹೂವೂ ಇಲ್ಲ.

ಎರಡನೆಯ ಕಾರಣ ಇನ್ನೂ ದೊಡ್ಡದು. ಪಾದದ ಹತ್ತಿರ ಕಾಣುವ ಅಂಚೂ ಬೆನ್ನ ಹಿಂದೆ ಸುತ್ತಿಕೊಂಡು ಬರುವ ಅಂಚೂ ಒಂದೇ ಬಟ್ಟೆ ಅನ್ನುವುದು ಎಐಗೆ ಗೊತ್ತಿಲ್ಲ. ನಮಗೆ ಅದು ಐದೂವರೆ ಮೀಟರ್ ಉದ್ದದ ಒಂದೇ ಬಟ್ಟೆ. ಅದಕ್ಕೆ ಅದು ಚಿತ್ರದ ಬೇರೆ ಬೇರೆ ಮೂಲೆಗಳಲ್ಲಿರುವ ಹೊಳೆಯುವ ಪಟ್ಟಿಗಳು. ಪ್ರತಿ ಪಟ್ಟಿಯನ್ನೂ ಅಕ್ಕಪಕ್ಕ ನೋಡಿಕೊಂಡು ತುಂಬುತ್ತದೆ, ಆದರೆ ಅಂಚಿನ ಸಾಲಿನಲ್ಲಿರುವ ಗೋಪುರದ ಆಕಾರಗಳು ಎಷ್ಟಾದವು ಅಂತ ಎಣಿಸುವುದಿಲ್ಲ.

ಹಳೇಬೀಡಿನ ದೇವಸ್ಥಾನದ ಕೆಳಪಟ್ಟಿಯಲ್ಲಿ ಆನೆಗಳ ಸಾಲು ನೋಡಿದ್ದೀರಲ್ವಾ? ಒಂದು ಆನೆಯ ಹಾಗೆ ಇನ್ನೊಂದಿಲ್ಲ, ಆದರೆ ಪಟ್ಟಿ ಗೋಡೆಯ ಮೂಲೆ ತಿರುಗಿದರೂ ಅದೇ ಎತ್ತರದಲ್ಲಿ ಮುಂದುವರಿಯುತ್ತದೆ. ಶಿಲ್ಪಿಗೆ ಇದು ಒಂದೇ ಸಾಲು ಅಂತ ಗೊತ್ತಿತ್ತು. ಆ ಅರಿವೇ ಎಐಗೆ ಇಲ್ಲದಿರುವುದು.

"ಸೀರೆಯ ಫೋಟೋವನ್ನೇ ಮಾದರಿಯಾಗಿ ಕೊಟ್ಟರೆ?" ಅಂತ ಕೇಳುತ್ತೀರಿ. ಕೊಡಬಹುದು, ಬಣ್ಣ ಮತ್ತು ಒಟ್ಟು ಲಕ್ಷಣ ಹತ್ತಿರ ಬರುತ್ತದೆ. ಆದರೆ ಐಪಿ-ಅಡಾಪ್ಟರ್ ಥರದ ವಿಧಾನಗಳು ಮಾದರಿ ಫೋಟೋವನ್ನು ಸಾಮಾನ್ಯವಾಗಿ 224 ಪಿಕ್ಸೆಲ್‌ಗೆ ಇಳಿಸಿಕೊಂಡು ನೋಡುತ್ತವೆ. ಅಷ್ಟರಲ್ಲಿ ಅಂಚಿನ ಎಳೆ ಉಳಿಯುವುದಿಲ್ಲ. ಇಪ್ಪತ್ತು ಫೋಟೋ ಕೊಟ್ಟು ಲೋರಾ ತರಬೇತಿ ಮಾಡಿದರೂ, ಅಂದರೆ ಮಾಡೆಲ್‌ಗೆ ಒಂದು ವಿಷಯವನ್ನು ಹೆಚ್ಚುವರಿಯಾಗಿ ಕಲಿಸಿದರೂ, ಅದು ಅಂಚಿನ ಶೈಲಿ ಕಲಿಯುತ್ತದೆಯೇ ಹೊರತು ಲೆಕ್ಕ ಕಲಿಯುವುದಿಲ್ಲ. ಹೊಸ ಎಡಿಟಿಂಗ್ ಮಾಡೆಲ್‌ಗಳು ಇದಕ್ಕಿಂತ ಚೆನ್ನಾಗಿ ಮಾಡುತ್ತವೆ. ಆದರೂ ನಿರಿಗೆಯ ಹತ್ತಿರ ಜೂಮ್ ಮಾಡಿ ನೋಡಿ, ತಪ್ಪು ಸಿಗುತ್ತದೆ.

ಏನೇನು ಬೇಕು?

ನಿಜವಾದ ಸೀರೆ, ಒಂದು ಸ್ಕೇಲು ಅಥವಾ ಟೈಲರ್ ಟೇಪು, ಫೋನಿನ ಕ್ಯಾಮೆರಾ, ನಿಮಗೆ ಅಭ್ಯಾಸವಿರುವ ಒಂದು ಎಐ ಚಿತ್ರ ತಯಾರಕ, ಮತ್ತು ಕ್ರೀಟಾ ಅನ್ನುವ ಉಚಿತ ತಂತ್ರಾಂಶ. ಫೋಟೋಶಾಪ್ ಇದ್ದರೆ ಅದೂ ಆಗುತ್ತದೆ. ನಾನು ಕ್ರೀಟಾದ ಹೆಸರುಗಳನ್ನೇ ಹೇಳುತ್ತಾ ಹೋಗುತ್ತೇನೆ.

ಉದಾಹರಣೆಗೆ ನಾನು ಈಚೆಗೆ ಮಾಡಿದ ಒಂದು ಸೀರೆಯನ್ನೇ ಇಟ್ಟುಕೊಳ್ಳೋಣ. ಗಿಳಿಹಸಿರು ಒಡಲು, ಕುಂಕುಮ ಬಣ್ಣದ 3 ಇಂಚಿನ ಅಂಚು. ಅಂಚಿನ ನಡುವೆ ಜರಿಯಲ್ಲಿ ಒಂದು ಹಂಸ, ಒಂದು ಹೂವು, ಮತ್ತೆ ಹಂಸ, ಮತ್ತೆ ಹೂವು. ಅಂಚು ಒಡಲಿಗೆ ಸೇರುವ ಕಡೆ ಸಣ್ಣ ಗೋಪುರಗಳ ಸಾಲು.

ಹಂತ 1: ಅಂಚನ್ನು ಅಳೆಯಿರಿ, ಫೋಟೋ ತೆಗೆಯಿರಿ

ಸೀರೆಯನ್ನು ಚಾಪೆಯ ಮೇಲೆ ಸುಕ್ಕಿಲ್ಲದ ಹಾಗೆ ಹಾಸಿ. ಅಂಚಿನ ಪಕ್ಕ ಸ್ಕೇಲ್ ಇಡಿ. ಫೋನನ್ನು ನೇರ ಮೇಲಿನಿಂದ ಹಿಡಿದು ತೆಗೆಯಿರಿ.

ಫ್ಲ್ಯಾಶ್ ಬೇಡ, ಬಿಸಿಲೂ ಬೇಡ. ಪಡಸಾಲೆಯ ನೆರಳಿನ ಬೆಳಕು ಒಳ್ಳೆಯದು. ಇದಕ್ಕೊಂದು ಕಾರಣವಿದೆ. ಜರಿ ಒಂದು ಕಡೆ ಫಳ್ಳನೆ ಹೊಳೆದಿದ್ದರೆ ಆ ಹೊಳಪು ಫೋಟೋದಲ್ಲಿ ಸೇರಿಹೋಗುತ್ತದೆ. ನಾವು ಇದೇ ತುಂಡನ್ನು ಉದ್ದಕ್ಕೂ ಪುನಃ ಪುನಃ ಇಡುತ್ತೇವೆ. ಆಗ ಪ್ರತಿ ನಾಲ್ಕು ಇಂಚಿಗೊಂದು ಅದೇ ಹೊಳಪು ಬಂದು ಮೋಸ ಬಯಲಾಗುತ್ತದೆ.

ಈಗ ರಿಪೀಟ್ ಹುಡುಕಿ. ರಿಪೀಟ್ ಅಂದರೆ ಒಂದು ವಿನ್ಯಾಸ ಮುಗಿದು ಮತ್ತೆ ಮೊದಲಿಂದ ಶುರುವಾಗುವವರೆಗಿನ ಉದ್ದ. ಒಂದು ಹಂಸದ ಕೊಕ್ಕಿನಿಂದ ಮುಂದಿನ ಹಂಸದ ಕೊಕ್ಕಿನವರೆಗೆ ಅಳೆದರೆ ನಮ್ಮ ಸೀರೆಯಲ್ಲಿ 4 ಇಂಚು ಬಂತು. ಗೋಪುರ ಒಂದೊಂದು ಇಂಚಿನದು, ಹಾಗಾಗಿ ಒಂದು ರಿಪೀಟ್‌ಗೆ ನಾಲ್ಕು ಗೋಪುರ. ಈ ಎರಡು ಲೆಕ್ಕವನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ: ರಿಪೀಟ್ 4 ಇಂಚು, ಗೋಪುರ 4. ಕೊನೆಯಲ್ಲಿ ಪರೀಕ್ಷೆ ಮಾಡುವುದು ಇದರಿಂದಲೇ.

ಒಂದು ಎಚ್ಚರಿಕೆ. ಒಂದೇ ಹಂಸದ ನಡುವಿನಿಂದ ಅಳೆಯಲು ಹೋಗಬೇಡಿ, ನಡು ಎಲ್ಲಿದೆ ಅಂತ ಕಣ್ಣಿಗೆ ಮೋಸವಾಗುತ್ತದೆ. ಐದು ರಿಪೀಟ್ ಉದ್ದ ಅಳೆದು ಐದರಿಂದ ಭಾಗಿಸಿದರೆ ಇನ್ನೂ ಸರಿಯಾದ ಅಳತೆ ಸಿಗುತ್ತದೆ.

ಹಂತ 2: ಒಂದು ರಿಪೀಟ್‌ನಿಂದ ಉದ್ದ ಪಟ್ಟಿ ಮಾಡಿಕೊಳ್ಳಿ

ಫೋಟೋವನ್ನು ಕ್ರೀಟಾದಲ್ಲಿ ತೆರೆಯಿರಿ. ಅಂಚು ವಾರೆಯಾಗಿದ್ದರೆ Ctrl+T ಒತ್ತಿ Perspective ಆರಿಸಿ ನೇರ ಮಾಡಿ. ಸ್ಕೇಲ್ ನೋಡಿಕೊಂಡು ಒಂದು ಇಂಚಿಗೆ 150 ಪಿಕ್ಸೆಲ್ ಬರುವ ಹಾಗೆ ಅಳತೆ ಹೊಂದಿಸಿ. ಸರಿಯಾಗಿ ಒಂದು ರಿಪೀಟ್ ಕತ್ತರಿಸಿ. ನಮ್ಮ ಸೀರೆಗೆ ಅದು 600 ಪಿಕ್ಸೆಲ್ ಉದ್ದ, 450 ಪಿಕ್ಸೆಲ್ ಎತ್ತರದ ತುಂಡು.

ಈಗ W ಒತ್ತಿ. ಅದೇ ತುಂಡು ಎಲ್ಲಾ ಕಡೆ ಪುನರಾವರ್ತನೆಯಾಗಿ ಕಾಣುತ್ತದೆ. ಎರಡು ತುಂಡು ಕೂಡುವ ಜಾಗದಲ್ಲಿ ಗೋಪುರ ತುಂಡಾಗಿದೆಯೇ, ಎಳೆ ಜಿಗಿದಿದೆಯೇ, ಒಂದು ಕಡೆ ಬಣ್ಣ ಗಾಢವಾಗಿದೆಯೇ ನೋಡಿ. ಇದ್ದರೆ ಕ್ಲೋನ್ ಬ್ರಷ್‌ನಿಂದ ತಿದ್ದಿ. ಇಲ್ಲಿ ಒಂದು ಪಿಕ್ಸೆಲ್ ತಪ್ಪು ಬಿಟ್ಟರೂ ಅದು ಸೀರೆಯುದ್ದಕ್ಕೂ ಬರುತ್ತದೆ. ಈ ತುಂಡಿಗೆ ನಾನು ಎಲ್ಲಕ್ಕಿಂತ ಜಾಸ್ತಿ ಸಮಯ ಕೊಡುತ್ತೇನೆ.

ಸರಿಯಾದ ಮೇಲೆ ಹತ್ತು ತುಂಡು ಜೋಡಿಸಿ ಉದ್ದ ಪಟ್ಟಿ ಮಾಡಿ ಉಳಿಸಿಕೊಳ್ಳಿ. ಸೆರಗನ್ನು ಬೇರೆಯಾಗಿ, ಪೂರ್ತಿಯಾಗಿ ಒಂದೇ ಫೋಟೋ ತೆಗೆದಿಡಿ. ಅದಕ್ಕೆ ರಿಪೀಟ್ ಲೆಕ್ಕ ಬೇಡ.

ಹಂತ 3: ಖಾಲಿ ಅಂಚಿನ ಸೀರೆ ಮಾಡಿಸಿಕೊಳ್ಳಿ

ಈಗ ಎಐ ಸರದಿ. ಅದಕ್ಕೆ ಬೇಕಿರುವುದು ಮೈ, ಮಡಿಕೆ, ಬೆಳಕು ಮಾತ್ರ. ನಾನು ಕೊಟ್ಟ ಪ್ರಾಂಪ್ಟ್ ಇದು:

```
full body photo of a woman standing, plain green silk saree,
plain solid maroon border, nivi drape, front pleats,
plain maroon blouse, soft daylight
```

ಬೇಡದ್ದನ್ನು ಬರೆಯುವ ಪ್ರತ್ಯೇಕ ಜಾಗದಲ್ಲಿ, ಅಂದರೆ Negative prompt ಅಂತ ಇರುವಲ್ಲಿ:

```
embroidery, motifs, brocade, printed pattern, zari, jewellery
```

ತುಂಬಾ ಜನ ಮಾಡುವ ತಪ್ಪು ಒಂದಿದೆ. ಮೇಲಿನ ಪ್ರಾಂಪ್ಟ್‌ನಲ್ಲೇ no motifs ಅಂತ ಸೇರಿಸಿಬಿಡುತ್ತಾರೆ. ಇಂಥ ಹಲವು ಮಾಡೆಲ್‌ಗಳಿಗೆ "ಬೇಡ" ಅನ್ನುವುದು ಸರಿಯಾಗಿ ಅರ್ಥವಾಗುವುದಿಲ್ಲ. motifs ಅನ್ನುವ ಪದ ಕಂಡರೆ ಅದನ್ನೇ ಹಾಕಿಬಿಡುತ್ತವೆ. ಬೇಡದ ಪದವನ್ನು ಬೇಡದ ಜಾಗದಲ್ಲೇ ಬರೆಯಿರಿ.

ಆಭರಣವನ್ನೂ ಈಗಲೇ ಬೇಡ ಅಂದಿದ್ದೇನೆ, ಗಮನಿಸಿ. ಅದನ್ನು ಕೊನೆಗೆ ಇಡೋಣ.

ಹತ್ತು ಹದಿನೈದು ಚಿತ್ರ ಮಾಡಿಸಿ ಒಂದನ್ನು ಆರಿಸಿ. ಆರಿಸುವಾಗ ಮುಖ ನೋಡಬೇಡಿ, ಅಂಚಿನ ಅಗಲ ನೋಡಿ. ಪಾದದ ಹತ್ತಿರ ಮೂರು ಇಂಚಿದ್ದದ್ದು ಎದೆಯ ಮೇಲೆ ಒಂದು ಇಂಚಾಗಿರುತ್ತದೆ, ಸೊಂಟದ ಹಿಂದೆ ಹೋಗಿ ಮಾಯವಾಗಿರುತ್ತದೆ. ಸಣ್ಣ ವ್ಯತ್ಯಾಸ ಇದ್ದರೆ ಕ್ರೀಟಾದಲ್ಲಿ ಕುಂಕುಮ ಬಣ್ಣದಿಂದ ತಿದ್ದಿಕೊಳ್ಳಬಹುದು. ಅಂಚೇ ದಾರಿ ತಪ್ಪಿದ್ದರೆ, ಉದಾಹರಣೆಗೆ ಒಡಲಿನ ನಡುವೆ ಒಂದು ಅಂಚು ಹುಟ್ಟಿಕೊಂಡಿದ್ದರೆ, ಆ ಚಿತ್ರ ಬಿಟ್ಟುಬಿಡಿ.

ಇದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿದೆ. ಮನೆಯಲ್ಲಿ ಯಾರಿಗಾದರೂ ಅಂಚಿರುವ ಸಾದಾ ಸೀರೆ ಉಡಿಸಿ ಫೋಟೋ ತೆಗೆದು, ಎಐನಿಂದ ಹಿನ್ನೆಲೆ ಮಾತ್ರ ಮಾಡಿಸಿ. ಮಡಿಕೆಗಳು ನಿಜವಾಗಿದ್ದರೆ ಮುಂದಿನ ಕೆಲಸ ಅರ್ಧ ಆಯಿತು. ನನಗೆ ಆಯ್ಕೆ ಇದ್ದಾಗಲೆಲ್ಲ ಹೀಗೇ ಮಾಡುತ್ತೇನೆ.

ಚಿತ್ರ ಆರಿಸಿದ ಮೇಲೆ ಈಗಲೇ ಅದನ್ನು ದೊಡ್ಡದು ಮಾಡಿ, ಮೂರು ಪಟ್ಟು. ಅಂಚು ಕೂರಿಸಿದ ಮೇಲೆ ಎಐ ಅಪ್‌ಸ್ಕೇಲರ್‌ನಿಂದ ದೊಡ್ಡದು ಮಾಡಿದರೆ ಅದು ನಿಮ್ಮ ಹಂಸಗಳನ್ನೂ ತನ್ನ ಇಷ್ಟದಂತೆ ತಿದ್ದುತ್ತದೆ. ಅಪ್‌ಸ್ಕೇಲರ್ ಅಂದರೆ ಚಿತ್ರ ಹಿಗ್ಗಿಸಿ ವಿವರವನ್ನು ತಾನೇ ಊಹಿಸಿ ತುಂಬುವ ಸಾಧನ. ಕೆಲಸವೆಲ್ಲ ಮುಗಿಸಿ ಕೊನೆಗೆ ಇದನ್ನು ಓಡಿಸಿ ಇಡೀ ಅಂಚು ಹಾಳುಮಾಡಿಕೊಂಡವರು ನನಗೆ ಗೊತ್ತಿರುವವರಲ್ಲೇ ಮೂವರಿದ್ದಾರೆ.

ಈಗ ನಮ್ಮ ಚಿತ್ರ 3072 ಪಿಕ್ಸೆಲ್ ಎತ್ತರ. ಒಂದು ಇಂಚಿಗೆ 45 ಪಿಕ್ಸೆಲ್. ಪಟ್ಟಿಯಲ್ಲಿ ಇಂಚಿಗೆ 150 ಇತ್ತು, ಹಾಗಾಗಿ ಅದನ್ನು ನೂರಕ್ಕೆ 30ರಷ್ಟಕ್ಕೆ ಇಳಿಸಬೇಕು. ಎಲ್ಲಾ ಕಡೆಗೂ ಇದೇ ಅಳತೆ. ಒಂದು ಜಾಗದಲ್ಲಿ ಸರಿಹೊಂದಲಿಲ್ಲ ಅಂತ ಅಲ್ಲಿ ಮಾತ್ರ ಪಟ್ಟಿಯನ್ನು ಹಿಗ್ಗಿಸಬೇಡಿ. ಅಲ್ಲಿ ಚಿತ್ರದ ಅಂಚಿನ ಅಗಲವೇ ತಪ್ಪಿದೆ ಅಂತ ಅರ್ಥ. ಅದನ್ನು ತಿದ್ದಿ.

ಹಂತ 4: ಅಂಚು ಎಲ್ಲಿ ಯಾವ ಕಡೆ ತಿರುಗಿದೆ ಅಂತ ಗುರುತಿಸಿ

ಪಟ್ಟಿ ಹಚ್ಚುವ ಮೊದಲು ಈ ಹಂತ ಬಿಡಬೇಡಿ. ಹೆಚ್ಚಿನವರು ಎಡವುವುದು ಇಲ್ಲೇ.

ಸೀರೆಗೆ ಉದ್ದಕ್ಕೂ ಎರಡು ಅಂಚು. ಎರಡರಲ್ಲೂ ಗೋಪುರದ ತುದಿ ಒಡಲಿನ ಕಡೆಗೆ. ಉಟ್ಟಾಗ ಕೆಳಗಿನ ಅಂಚು ಪಾದದ ಹತ್ತಿರ ಸುತ್ತುತ್ತದೆ, ಅಲ್ಲಿ ಒಡಲು ಮೇಲಿದೆ. ಹಾಗಾಗಿ ಗೋಪುರ ಮೇಲ್ಮುಖ. ಮೇಲಿನ ಅಂಚು ಸೊಂಟದಲ್ಲಿ ಒಳಗೆ ಸೇರಿ ಮರೆಯಾಗಿ, ಆಮೇಲೆ ಎದೆಯ ಮೇಲೆ ಓರೆಯಾಗಿ ಎಡ ಭುಜಕ್ಕೆ ಏರುವಾಗ ಕಾಣಿಸುತ್ತದೆ. ಅಲ್ಲಿ ಅಂಚಿನ ಹೊರಬದಿ ಕತ್ತಿನ ಕಡೆ, ಒಡಲು ಕೆಳಗೆ. ಹಾಗಾಗಿ ಅಲ್ಲಿ ಗೋಪುರ ಕೆಳಮುಖ.

ನಮ್ಮ ಸೀರೆಯಲ್ಲಿ ಹಂಸಗಳ ಕಾಲು ಎರಡೂ ಅಂಚಿನಲ್ಲಿ ಹೊರಬದಿಗಿತ್ತು. ಅಂದರೆ ಉಟ್ಟಾಗ ಪಾದದ ಹತ್ತಿರ ಹಂಸ ನೆಟ್ಟಗೆ, ಎದೆಯ ಮೇಲೆ ತಲೆಕೆಳಗು. ಇದು ತಪ್ಪಲ್ಲ, ನೇಯ್ಗೆಯೇ ಹಾಗೆ. ನಂಬಿಕೆ ಬರದಿದ್ದರೆ ನಿಮ್ಮ ಮನೆಯ ರೇಷ್ಮೆ ಸೀರೆಯೊಂದನ್ನು ಭುಜದ ಮೇಲೆ ಹಾಕಿಕೊಂಡು ಕನ್ನಡಿ ನೋಡಿ. ಎಐ ಮಾಡಿದ ಎಷ್ಟೋ ಚಿತ್ರಗಳಲ್ಲಿ ಎಲ್ಲಾ ಕಡೆಯೂ ಗೋಪುರ ಮೇಲ್ಮುಖವಾಗಿಯೇ ಇರುತ್ತದೆ. ಸೀರೆ ಉಡುವ ಹೆಂಗಸರಿಗೆ ಏನೋ ಸರಿಯಿಲ್ಲ ಅಂತ ಥಟ್ಟನೆ ಅನ್ನಿಸುವುದು ಇದರಿಂದಲೇ, ಏನು ಅಂತ ಹೇಳಲು ಬರದಿದ್ದರೂ.

ಹಂಸ ಯಾವ ಕಡೆ ಮುಖ ಮಾಡಿದೆ ಅನ್ನುವುದನ್ನೂ ಸೀರೆಯಲ್ಲೇ ನೋಡಿ ಬರೆದುಕೊಳ್ಳಿ. ನಮ್ಮದರಲ್ಲಿ ಎಲ್ಲವೂ ಸೆರಗಿನ ಕಡೆಗೆ ನೋಡುತ್ತಿದ್ದವು.

ಕ್ರೀಟಾದಲ್ಲಿ ಹೊಸ ಲೇಯರ್ ಹಾಕಿ. ಲೇಯರ್ ಅಂದರೆ ಚಿತ್ರದ ಮೇಲೆ ಇಡುವ ಪಾರದರ್ಶಕ ಹಾಳೆ. ಅದರಲ್ಲಿ ಅಂಚು ಕಾಣುವ ಪ್ರತಿ ಜಾಗದಲ್ಲೂ ಒಂದು ಬಾಣ ಬರೆಯಿರಿ. ಬಾಣದ ತುದಿ ಒಡಲಿನ ಕಡೆ. ಆಮೇಲೆ ಸೀರೆ ಸುತ್ತುವ ಕ್ರಮದಲ್ಲೇ ಒಂದು, ಎರಡು, ಮೂರು ಅಂತ ನಂಬರ್ ಹಾಕಿ. ಉಡುವುದು ಗೊತ್ತಿಲ್ಲದವರು ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ನಾನು ಈ ಕೆಲಸ ಕಲಿತದ್ದು ನಮ್ಮತ್ತೆಯಿಂದ. ಅವರು ಚಿತ್ರ ನೋಡಿದ ಕೂಡಲೇ "ಈ ಅಂಚು ಎಲ್ಲಿಂದ ಬಂತಪ್ಪಾ?" ಅಂತ ಬೆರಳಿಟ್ಟು ತೋರಿಸಿದ್ದರು. ಆ ಬೆರಳಿಟ್ಟ ಜಾಗದಲ್ಲಿ ಅಂಚು ಇರಲು ಸಾಧ್ಯವೇ ಇರಲಿಲ್ಲ.

ಹಂತ 5: ಪಟ್ಟಿ ಕೂರಿಸಿ, ನಿರಿಗೆಯನ್ನು ಲೆಕ್ಕ ಹಾಕಿ

ಪಟ್ಟಿಯನ್ನು ಹೊಸ ಲೇಯರ್‌ನಲ್ಲಿ ತಂದು ನೂರಕ್ಕೆ 30ರಷ್ಟಕ್ಕೆ ಇಳಿಸಿ. Ctrl+T ಒತ್ತಿ Mesh ಅಥವಾ Warp ಆರಿಸಿ. ಪಟ್ಟಿಯ ಮೇಲೆ ಬಲೆಯ ಹಾಗೆ ಬಿಂದುಗಳು ಬರುತ್ತವೆ. ಅವನ್ನು ಎಳೆದು ಅಂಚಿನ ಬಾಗಿಗೆ ಹೊಂದಿಸಿ. ಎದೆಯ ಮೇಲಿನ ಭಾಗ, ಬೆನ್ನಿನ ಕಡೆಯಿಂದ ಬರುವ ಭಾಗ ಇವೆಲ್ಲ ಸುಲಭ. ಕಷ್ಟ ಇರುವುದು ನಿರಿಗೆಯಲ್ಲಿ.

ಎಐ ನಿರಿಗೆ ಬಿಡಿಸಿದಾಗ ಪ್ರತಿ ಮಡಿಕೆಯಲ್ಲೂ ಒಂದೊಂದು ಪೂರ್ತಿ ಹೂವು ಇಡುತ್ತದೆ, ಅಚ್ಚುಕಟ್ಟಾಗಿ ಮಡಿಕೆಯ ನಡುವೆ. ನಿಜವಾದ ನಿರಿಗೆ ಹಾಗಿರುವುದಿಲ್ಲ. ಮಡಿಕೆಗೂ ನೇಯ್ಗೆಗೂ ಸಂಬಂಧವಿಲ್ಲ, ಮಡಿಕೆ ಬಂದ ಕಡೆ ಹಂಸ ಅರ್ಧಕ್ಕೆ ಕಡಿದುಹೋಗುತ್ತದೆ. ಒಂದು ನಿರಿಗೆಯಲ್ಲಿ ಹಂಸದ ತಲೆ, ಪಕ್ಕದ್ದರಲ್ಲಿ ಹೂವಿನ ಅಂಚು. ಆ ಕಡಿತವೇ ಬಟ್ಟೆಗೆ ನಿಜತನ ಕೊಡುವುದು.

ಎಲ್ಲಿ ಕಡಿಯಬೇಕು? ಲೆಕ್ಕ ಸುಲಭ. ಒಂದು ನಿರಿಗೆ 5 ಇಂಚು ಅಗಲವಿದ್ದರೆ ಅದಕ್ಕೆ ಹಿಡಿಯುವ ಬಟ್ಟೆ 10 ಇಂಚು, ಮುಂದಕ್ಕೆ 5, ಹಿಂದಕ್ಕೆ 5. ಅಂದರೆ ಒಂದು ಮಡಿಕೆಯ ತುದಿಯಿಂದ ಮುಂದಿನ ಮಡಿಕೆಯ ತುದಿಗೆ ಅಂಚು 10 ಇಂಚು ಮುಂದೆ ಹೋಗಿರುತ್ತದೆ. ನಮ್ಮ ರಿಪೀಟ್ 4 ಇಂಚು. ಹತ್ತರಲ್ಲಿ ಎರಡು ರಿಪೀಟ್, ಅಂದರೆ 8 ಇಂಚು ಕಳೆದರೆ ಉಳಿಯುವುದು 2, ಅಂದರೆ ಸರಿಯಾಗಿ ಅರ್ಧ ರಿಪೀಟ್. ಹಾಗಾಗಿ ಮೊದಲ ಮಡಿಕೆಯ ತುದಿಯಲ್ಲಿ ಹಂಸ ಇದ್ದರೆ ಎರಡನೆಯದರ ತುದಿಯಲ್ಲಿ ಹೂವು, ಮೂರನೆಯದರಲ್ಲಿ ಮತ್ತೆ ಹಂಸ.

ಕೈಯಲ್ಲಿ ಹಿಡಿದ ನಿರಿಗೆ ಇಷ್ಟು ಕರಾರುವಾಕ್ಕಾಗಿ ಇರುವುದಿಲ್ಲ. ಅರ್ಧ ಇಂಚು ಆ ಕಡೆ ಈ ಕಡೆ ಆಗಲಿ. ಆದರೆ ಈ ಲೆಕ್ಕ ಹಿಡಿದು ಹೊರಟರೆ ನಿರಿಗೆಗಳು ಒಂದೇ ಬಟ್ಟೆಯ ಮಡಿಕೆಗಳ ಹಾಗೆ ಕಾಣುತ್ತವೆ. ನಿಮ್ಮ ಸೀರೆಯ ರಿಪೀಟ್ 2 ಇಂಚಾಗಿದ್ದರೆ 10ರಲ್ಲಿ ಶೇಷ ಉಳಿಯುವುದಿಲ್ಲ, ಎಲ್ಲಾ ಮಡಿಕೆಯ ತುದಿಯಲ್ಲೂ ಒಂದೇ ಭಾಗ ಬರುತ್ತದೆ. 3 ಇಂಚಾದರೆ ಪ್ರತಿ ಮಡಿಕೆಗೂ 1 ಇಂಚು ಸರಿಯುತ್ತದೆ.

ಕೆಲಸ ಮಾಡುವುದು ಹೀಗೆ: ಪ್ರತಿ ನಿರಿಗೆಗೂ ಪಟ್ಟಿಯ ಒಂದು ಪ್ರತಿ ಪ್ರತ್ಯೇಕ ಲೇಯರ್‌ನಲ್ಲಿ ಇಡಿ. ಲೆಕ್ಕದಂತೆ ಪಕ್ಕಕ್ಕೆ ಸರಿಸಿ. ಮಡಿಕೆಯಿಂದ ಹೊರಗೆ ಹೋದದ್ದನ್ನು ಅಳಿಸಿ. ಆರು ನಿರಿಗೆ ಇದ್ದರೆ ಆರು ಲೇಯರ್. ಬೇಸರದ ಕೆಲಸ, ಹೌದು. ಆದರೆ ಇದಕ್ಕೆ ಅಡ್ಡದಾರಿ ನನಗೆ ಇನ್ನೂ ಸಿಕ್ಕಿಲ್ಲ.

ಬಟ್ಟೆ ಮಗುಚಿ ಒಳಬದಿ ಕಾಣುವ ಕಡೆ ಪಟ್ಟಿ ಹಚ್ಚಬೇಡಿ. ಅಲ್ಲಿ ಸೀರೆಯ ಹಿಂಬದಿಯನ್ನೇ ಫೋಟೋ ತೆಗೆದು ಹಾಕಿ. ಜರಿ ಅಂಚಿನ ಹಿಂಬದಿ ಮುಂಬದಿಯ ಹಾಗಿರುವುದಿಲ್ಲ.

ಹಂತ 6: ನೆರಳು ವಾಪಸ್ ತನ್ನಿ

ಈಗ ಪಟ್ಟಿ ಮೇಲೆ ಅಂಟಿಸಿದ ಸ್ಟಿಕ್ಕರ್ ಹಾಗೆ ಕಾಣುತ್ತಿರುತ್ತದೆ. ಮಡಿಕೆಯ ನೆರಳು ಅದರ ಕೆಳಗೆ ಮುಚ್ಚಿಹೋಗಿದೆ. ಖಾಲಿ ಅಂಚು ಮಾಡಿಸಿಕೊಂಡ ಲಾಭ ಈಗ ಸಿಗುತ್ತದೆ. ಎಐ ಚಿತ್ರದ ಒಂದು ಪ್ರತಿ ತೆಗೆದು ಎಲ್ಲದರ ಮೇಲೆ ಇಡಿ. ಅಂಚಿನ ಜಾಗ ಮಾತ್ರ ಉಳಿಸಿಕೊಂಡು ಮಿಕ್ಕದ್ದು ಅಳಿಸಿ. Ctrl+Shift+U ಒತ್ತಿ ಬಣ್ಣ ತೆಗೆಯಿರಿ. Ctrl+L ಒತ್ತಿ, ಬೆಳಕು ಬಿದ್ದ ಕಡೆ ಹೆಚ್ಚುಕಡಿಮೆ ಬಿಳಿ ಬರುವವರೆಗೆ ತಿಳಿ ಮಾಡಿ. ಲೇಯರ್‌ನ ಬ್ಲೆಂಡಿಂಗ್ ಅನ್ನು Multiply ಮಾಡಿ. ಬಿಳಿ ಇದ್ದ ಕಡೆ ಏನೂ ಆಗುವುದಿಲ್ಲ, ಬೂದು ಇದ್ದ ಕಡೆ ಕೆಳಗಿನ ಜರಿ ಮಂಕಾಗುತ್ತದೆ. ಮಡಿಕೆ ತಕ್ಷಣ ಎದ್ದು ಬರುತ್ತದೆ.

ಜರಿಯ ಹೊಳಪಿಗೆ ಇನ್ನೊಂದು ಲೇಯರ್ ಹಾಕಿ, Soft Light ಮಾಡಿ, ಮಡಿಕೆಯ ಏಣಿನಲ್ಲಿ ಮಾತ್ರ ತೆಳು ಬಿಳಿ ಎಳೆಯಿರಿ. ಕೈ ಹಿಡಿತ ಇರಲಿ.

ಇಷ್ಟಾದ ಮೇಲೆ "ಒಂದು ಸಲ ಎಐನಲ್ಲಿ ಹಾಯಿಸಿದರೆ ಎಲ್ಲ ಬೆರೆಯುತ್ತದೆ" ಅಂತ ಆಸೆಯಾಗುತ್ತದೆ. ಅಂಚಿನ ಮೇಲೆ ಹಾಯಿಸಬೇಡಿ ಅನ್ನುವುದು ನನ್ನ ಖಚಿತ ಮಾತು. ಮಾಡಲೇಬೇಕು ಅಂದರೆ ಅಂಚೂ ಒಡಲೂ ಕೂಡುವ ಗೆರೆಯನ್ನಷ್ಟೇ ಆರಿಸಿ, Denoising strength ಅನ್ನು 0.2ರ ಆಸುಪಾಸು ಇಡಿ. ಎಐ ಎಷ್ಟು ಬದಲಾಯಿಸಬಹುದು ಅನ್ನುವ ಅಳತೆ ಅದು. 0.4 ದಾಟಿದರೆ ಹಂಸ ಹೋಗಿ ಮತ್ತೆ ಅದೇ ಕಲಸುಮೇಲೋಗರ.

ಕಸೂತಿ ಇದ್ದರೆ

ಧಾರವಾಡದ ಕಡೆಯ ಕಸೂತಿ ಸೀರೆಗೆ ಈ ವಿಧಾನದಲ್ಲಿ ಒಂದು ಬದಲಾವಣೆ ಬೇಕು. ಕಸೂತಿಯನ್ನು ಬಟ್ಟೆಯ ಎಳೆ ಎಣಿಸಿ ಹಾಕುತ್ತಾರೆ. ಗಾವಂತಿ, ಮುರ್ಗಿ ಹೊಲಿಗೆಗಳಲ್ಲಿ ಗೆರೆ ಅಡ್ಡ, ಉದ್ದ ಅಥವಾ ಓರೆ ಹೋಗುತ್ತದೆ, ದುಂಡಗೆ ಬಾಗುವುದಿಲ್ಲ. ತೇರಾಗಲಿ, ಆನೆಯಾಗಲಿ ಮೆಟ್ಟಿಲು ಮೆಟ್ಟಿಲಾಗಿಯೇ ಮೂಡುತ್ತದೆ. ಎಐ ಅದಕ್ಕೆ ಬಳ್ಳಿಯ ಹಾಗೆ ಬಾಗು ಕೊಟ್ಟುಬಿಡುತ್ತದೆ. ಕಸೂತಿ ಅಲ್ಲ ಅನ್ನಲು ಅಷ್ಟು ಸಾಕು.

ಇದಕ್ಕೆ ಫೋಟೋಗಿಂತ ಕೈಯಲ್ಲಿ ಬರೆಯುವುದು ಸುಲಭ. ಸೀರೆಯ ಮೇಲಿನ ಹೊಲಿಗೆ ಎಣಿಸಿ, ಗ್ರಾಫ್ ಕಾಗದದ ಮೇಲೆ ಇಳಿಸಿ, ಕ್ರೀಟಾದಲ್ಲಿ ಒಂದು ಮನೆಗೆ ಒಂದು ಪಿಕ್ಸೆಲ್ ಅಂತ ಬರೆಯಿರಿ. ದೊಡ್ಡದು ಮಾಡುವಾಗ Nearest Neighbor ಆರಿಸಿ, ಇಲ್ಲದಿದ್ದರೆ ಮೆಟ್ಟಿಲು ಕರಗಿಹೋಗುತ್ತದೆ. ಗಾವಂತಿ, ಮುರ್ಗಿ ಎರಡೂ ಬಟ್ಟೆಯ ಎರಡು ಬದಿಯಲ್ಲೂ ಒಂದೇ ಥರ ಕಾಣುವ ಹೊಲಿಗೆಗಳು. ಹಾಗಾಗಿ ಸೆರಗು ಮಗುಚಿದ ಕಡೆಯೂ ಅದನ್ನೇ ಇಡಬಹುದು. ನೇಗಿ, ಮೆಂತಿ ಹಾಗಲ್ಲ, ಅವುಗಳ ಹಿಂಬದಿ ಬೇರೆ.

ಹಂತ 7: ಆಭರಣ

ಇದು ಅಂಚಿಗಿಂತ ಬೇಗ ಮುಗಿಯುತ್ತದೆ. ಕಾಸಿನ ಸರದಲ್ಲಿ ಎಐ ಮಾಡುವ ತಪ್ಪು ಒಂದೇ: ಒಂದು ಕಾಸು ದೊಡ್ಡದು, ಪಕ್ಕದ್ದು ಅಂಡಾಕಾರ, ಆಮೇಲಿನದು ರವಿಕೆಯ ಬಣ್ಣದಲ್ಲಿ ಸೇರಿಹೋಗಿರುತ್ತದೆ. ನಿಜವಾದ ಸರವನ್ನು ಕಪ್ಪು ಬಟ್ಟೆಯ ಮೇಲೆ, ಕತ್ತಿನಲ್ಲಿರುವ ಆಕಾರದಲ್ಲೇ ಇಟ್ಟು ಫೋಟೋ ತೆಗೆದು ಪೂರ್ತಿ ಕೂರಿಸಿ. ಸರ ಕೈಗೆ ಸಿಗದಿದ್ದರೆ ಒಂದು ಕಾಸನ್ನು ಚೆನ್ನಾಗಿ ಮಾಡಿಕೊಂಡು ಅದನ್ನೇ ಸಾಲಾಗಿ ಇಡಿ. ಪ್ರತಿ ಕಾಸನ್ನೂ ಸರದ ಬಾಗಿಗೆ ತಕ್ಕಂತೆ ಸ್ವಲ್ಪ ತಿರುಗಿಸಿ.

ಜುಮುಕಿಗೆ ಒಂದು ಕಿವಿಯದ್ದು ಸರಿಮಾಡಿ ಕನ್ನಡಿಬಿಂಬ ಮಾಡಿ ಇನ್ನೊಂದಕ್ಕೆ ಇಡಬಹುದು, ನೆರಳನ್ನು ಮಾತ್ರ ಬೇರೆ ತಿದ್ದಬೇಕು. ಕಾಸನ್ನು ಕನ್ನಡಿಬಿಂಬ ಮಾಡಬೇಡಿ. ಲಕ್ಷ್ಮಿ ಕಾಸಾಗಿದ್ದರೆ ಅಭಯಹಸ್ತ ಎಡಗೈಗೆ ಹೋಗಿಬಿಡುತ್ತದೆ.

ಹಂತ 8: ಐದು ತುಂಡುಗಳ ಪರೀಕ್ಷೆ

ಮುಗಿಯಿತು ಅನ್ನಿಸಿದ ಮೇಲೆ ಇದನ್ನು ಮಾಡಿ. ಪಾದದ ಎಡಬದಿ, ನಿರಿಗೆ, ಸೊಂಟದ ಬಲಬದಿ, ಎದೆ, ಭುಜ. ಈ ಐದು ಕಡೆಯಿಂದ ಅಂಚಿನ ಒಂದೊಂದು ತುಂಡನ್ನು ಅದೇ ಅಳತೆಯಲ್ಲಿ ಕತ್ತರಿಸಿ ಒಂದು ಹೊಸ ಹಾಳೆಯಲ್ಲಿ ಒಂದರ ಕೆಳಗೆ ಒಂದು ಇಡಿ. ಇಡೀ ಚಿತ್ರ ನೋಡುವಾಗ ಕಣ್ಣು ಮುಖದ ಕಡೆ ಹೋಗುತ್ತದೆ, ತಪ್ಪು ಕಾಣುವುದಿಲ್ಲ. ತುಂಡುಗಳನ್ನು ಒಟ್ಟಿಗೆ ಇಟ್ಟರೆ ಅಡಗಲು ಜಾಗವಿಲ್ಲ.

ಬರೆದಿಟ್ಟ ಲೆಕ್ಕ ತೆಗೆಯಿರಿ. ಕೊಕ್ಕಿನಿಂದ ಕೊಕ್ಕಿಗೆ ನಾಲ್ಕು ಗೋಪುರ ಇದೆಯೇ? ಗೋಪುರದ ತುದಿ ಒಡಲಿನ ಕಡೆಗಿದೆಯೇ? ಹಂಸ ಸೆರಗಿನ ಕಡೆ ನೋಡುತ್ತಿದೆಯೇ? ಅಂಚಿನ ಅಗಲ ಐದರಲ್ಲೂ ಸಮವೇ? ಬೆನ್ನ ಕಡೆ ತಿರುಗುವ ಜಾಗದಲ್ಲಿ ಅಗಲ ಕಿರಿದಾಗಿ ಕಾಣುವುದು ಸಹಜ, ಅದನ್ನು ಬಿಟ್ಟುಬಿಡಿ.

ನಮ್ಮ ಹಸಿರು ಸೀರೆಯಲ್ಲಿ ಮೊದಲ ಸಲ ನಾಲ್ಕು ತುಂಡು ಸರಿ ಬಂದವು. ಭುಜದ್ದರಲ್ಲಿ ಕೊಕ್ಕಿನಿಂದ ಕೊಕ್ಕಿಗೆ ಮೂರೂವರೆ ಗೋಪುರವಿತ್ತು. ಎಳೆಯುವಾಗ ಎರಡು ಪಟ್ಟಿ ಒಂದರ ಮೇಲೊಂದು ಅರ್ಧ ಗೋಪುರದಷ್ಟು ಹತ್ತಿಕೊಂಡಿದ್ದವು. ಒಂದನ್ನು ಅರ್ಧ ಇಂಚು, ಅಂದರೆ 22 ಪಿಕ್ಸೆಲ್ ಹಿಂದಕ್ಕೆ ಸರಿಸಿದೆ. ಮತ್ತೆ ಕತ್ತರಿಸಿ ಎಣಿಸಿದಾಗ ನಾಲ್ಕೇ ಬಂತು. ಆಮೇಲೆ ಫೈಲನ್ನು ಅಂಗಡಿಗೆ ಕಳಿಸಿದೆ, ಲೇಯರ್‌ಗಳನ್ನು ಬೇರೆಯಾಗಿ ಉಳಿಸಿಕೊಂಡು. ಅದೇ ಅಂಚಿನ ನೀಲಿ ಸೀರೆ ಮುಂದಿನ ವಾರ ಬಂದಾಗ ಪಟ್ಟಿಯ ಹಿನ್ನೆಲೆ ಬಣ್ಣ ಬದಲಾಯಿಸಿದ್ದು ಬಿಟ್ಟರೆ ಒಂದನೆಯ, ಎರಡನೆಯ ಹಂತದ ಕೆಲಸವೇ ಬೀಳಲಿಲ್ಲ.